ಕೋಷ್ಟಕದ ಮೊದಲ ಸಾಲು ಮತ್ತು ತುಂಬುವ ಕ್ರಮ: ಡೈನಾಮಿಕ್ ಪ್ರೋಗ್ರ್ಯಾಮಿಂಗ್ ಬೋಧನೆಯನ್ನು ಕುರಿತು ಒಂದು ವಿಮರ್ಶೆ

1

ಡೈನಾಮಿಕ್ ಪ್ರೋಗ್ರ್ಯಾಮಿಂಗ್ ಎಂಬ ವಿಧಾನವನ್ನು ರಿಚರ್ಡ್ ಬೆಲ್‌ಮನ್ನರು 1950ರ ದಶಕದಲ್ಲಿ ರೂಪಿಸಿದರು. 1957ರಲ್ಲಿ ಪ್ರಕಟವಾದ ಅವರ ಗ್ರಂಥಕ್ಕೂ ಇದೇ ಹೆಸರು. ದೊಡ್ಡ ಪ್ರಶ್ನೆಯ ಉತ್ತರವನ್ನು ಅದೇ ಜಾತಿಯ ಸಣ್ಣ ಪ್ರಶ್ನೆಗಳ ಉತ್ತರಗಳಿಂದ ಕಟ್ಟುವುದು, ಹಾಗೆ ಕಟ್ಟುವ ನಿಯಮವನ್ನು ಒಂದು ಸಮೀಕರಣದಲ್ಲಿ ಹೇಳುವುದು, ಸಣ್ಣ ಉತ್ತರಗಳನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುವುದು, ಇಷ್ಟು ಅದರ ತಿರುಳು. ಇಂದು ಗಣಕವಿಜ್ಞಾನವನ್ನು ಕಲಿಸುವ ಪ್ರತಿಯೊಂದು ಕಾಲೇಜಿನಲ್ಲಿಯೂ ಇದು ಪಾಠವಾಗಿದೆ. ಆ ಪಾಠವನ್ನು ಹೇಳುವ ಕ್ರಮವೂ ಬಹುಮಟ್ಟಿಗೆ ಒಂದೇ: ಮೊದಲು ಸಮೀಕರಣ, ಆ ಬಳಿಕ ‘ಕೋಷ್ಟಕವನ್ನು ಸೊನ್ನೆಯಿಂದ ತುಂಬಿ, ಸಾಲುಸಾಲಾಗಿ ಲೆಕ್ಕ ಹಾಕುತ್ತ ಹೋಗಿ’ ಎಂಬ ಸೂಚನೆ, ಕೊನೆಗೆ ಪ್ರೋಗ್ರಾಂ. ಸಮೀಕರಣಕ್ಕೂ ಪ್ರೋಗ್ರಾಮಿಗೂ ನಡುವೆ ಇರುವ ಈ ಒಂದು ವಾಕ್ಯದ ಸೂಚನೆಯೇ ನಮ್ಮ ವಿಮರ್ಶೆಯ ವಿಷಯ.

ಈ ಸೂಚನೆಯನ್ನು ನಂಬಿ ಬರೆದ ಪ್ರೋಗ್ರಾಮು ಕೆಲವೊಮ್ಮೆ ತಪ್ಪು ಉತ್ತರ ಕೊಡುತ್ತದೆ. ಅದು ಮಧ್ಯದಲ್ಲಿ ನಿಲ್ಲುವುದಿಲ್ಲ, ದೋಷವನ್ನು ಸಾರುವುದಿಲ್ಲ. ಶಾಂತವಾಗಿ ಒಂದು ಸಂಖ್ಯೆಯನ್ನು ಮುಂದಿಡುತ್ತದೆ. ಸಮೀಕರಣವನ್ನು ಪರೀಕ್ಷಿಸಿದರೆ ಅದು ಸರಿಯಾಗಿಯೇ ಇರುತ್ತದೆ. ಹೀಗಾದಾಗ ವಿದ್ಯಾರ್ಥಿಯು ಸೊನ್ನೆಯ ಬದಲು ಇನ್ನೇನನ್ನೋ ಇಟ್ಟು ನೋಡುತ್ತಾನೆ, ಮುಂದಿನಿಂದ ಎಣಿಸುತ್ತಿದ್ದುದನ್ನು ಹಿಂದಿನಿಂದ ಎಣಿಸುತ್ತಾನೆ. ಮಾದರಿ ಉತ್ತರ ಹೊಂದಿಬಂದೊಡನೆ ಕೈಬಿಡುತ್ತಾನೆ. ಏಕೆ ಹೊಂದಿತೆಂಬುದು ಅವನಿಗೆ ತಿಳಿಯದು. ಮೌಲ್ಯಮಾಪನ ಮಾಡುವ ಅಧ್ಯಾಪಕನೂ ಅನೇಕ ವೇಳೆ ಅದನ್ನು ಕೇಳುವುದಿಲ್ಲ.

ಆರಂಭಮೌಲ್ಯವೂ ತುಂಬುವ ಕ್ರಮವೂ ಪ್ರೋಗ್ರಾಂ ಬರೆಯುವ ಹೊತ್ತಿನಲ್ಲಿ ನೋಡಿಕೊಳ್ಳಬೇಕಾದ ಚಿಲ್ಲರೆ ವಿವರಗಳೆಂಬ ಭಾವನೆಯೇ ಈ ತೊಡಕಿಗೆ ಮೂಲವೆಂದು ನಮಗೆ ತೋರುತ್ತದೆ. ಅವೆರಡೂ ಪ್ರಶ್ನೆಯ ಅರ್ಥದ ಭಾಗಗಳೇ ಆಗಿವೆ. ಅವು ಬದಲಾದರೆ ಕೆಲವು ಸಂದರ್ಭಗಳಲ್ಲಿ ಪ್ರೋಗ್ರಾಮು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡುತ್ತದೆ. ಮತ್ತೆ ಕೆಲವು ಸಂದರ್ಭಗಳಲ್ಲಿ ಯಾವ ಪ್ರಶ್ನೆಗೂ ಸೇರದ ಉತ್ತರವನ್ನು ಕೊಡುತ್ತದೆ. ಈ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಮೊದಲನೆಯದಕ್ಕೆ ಚೀಲದ ಪ್ರಶ್ನೆಯನ್ನೂ, ಎರಡನೆಯದಕ್ಕೆ ಫ್ಲಾಯ್ಡರ ಹತ್ತಿರದ ದಾರಿಯ ಲೆಕ್ಕವನ್ನೂ ನಾವು ಇಲ್ಲಿ ಉದಾಹರಣೆಗಳನ್ನಾಗಿ ಆರಿಸಿಕೊಂಡಿದ್ದೇವೆ.

2

ಇಂಗ್ಲಿಷಿನಲ್ಲಿ ನ್ಯಾಪ್‌ಸ್ಯಾಕ್ ಎಂದು ಪ್ರಸಿದ್ಧವಾಗಿರುವ ಚೀಲದ ಪ್ರಶ್ನೆ ಹೀಗಿದೆ. ಒಂದು ಚೀಲವು 8 ಕಿಲೋ ತೂಕವನ್ನು ತಾಳುತ್ತದೆ. ಮೂರು ಸಾಮಾನುಗಳಿವೆ: ಮೊದಲನೆಯದು 3 ಕಿಲೋ, ಬೆಲೆ 4 ರೂಪಾಯಿ, ಎರಡನೆಯದು 4 ಕಿಲೋ, 5 ರೂಪಾಯಿ, ಮೂರನೆಯದು 5 ಕಿಲೋ, 4 ರೂಪಾಯಿ. ಪ್ರತಿಯೊಂದು ಸಾಮಾನೂ ಒಂದೊಂದೇ ಇದೆ. ಚೀಲದಲ್ಲಿ ಹೆಚ್ಚೆಂದರೆ ಎಷ್ಟು ಬೆಲೆಯ ಸಾಮಾನನ್ನು ಒಯ್ಯಬಹುದು? ಉತ್ತರವನ್ನು ಬೆರಳಲ್ಲೇ ಎಣಿಸಬಹುದು. ಮೊದಲ ಎರಡನ್ನು ತೆಗೆದುಕೊಂಡರೆ ತೂಕ 7, ಬೆಲೆ 9; ಇದಕ್ಕಿಂತ ಮಿಗಿಲಾದುದು ಇಲ್ಲ.

ಈ ಲೆಕ್ಕಕ್ಕೆ ಪೂರ್ಣ ಕೋಷ್ಟಕವನ್ನು ಬರೆಯುವುದಾದರೆ ಸಾಮಾನಿಗೊಂದು ಸಾಲು, ತೂಕಕ್ಕೊಂದು ಕಂಬ ಬೇಕು. ಪ್ರತಿಯೊಂದು ಸಾಲೂ ತನ್ನ ಹಿಂದಿನ ಸಾಲನ್ನು ಮಾತ್ರ ಆಶ್ರಯಿಸುವುದರಿಂದ, ಒಂದೇ ಸಾಲನ್ನು ಇಟ್ಟುಕೊಂಡು ಅದರ ಮೇಲೆಯೇ ತಿದ್ದುತ್ತ ಹೋಗುವುದು ರೂಢಿ. ಹಾಗೆ ಮಾಡಿದ ಪ್ರೋಗ್ರಾಮಿನ ತಿರುಳು ಮೂರೇ ಸಾಲು:

```
for each item (wt, v):
    for w = W down to wt:
        f[w] = max(f[w], f[w - wt] + v)
```

ಎಲ್ಲ ಮನೆಗಳಲ್ಲಿಯೂ ಸೊನ್ನೆಯನ್ನಿಟ್ಟು ಆರಂಭಿಸೋಣ. ಮೊದಲ ಸಾಮಾನು ಮುಗಿದಾಗ 3ರಿಂದ 8ರವರೆಗಿನ ಮನೆಗಳಲ್ಲಿ 4 ಇರುತ್ತದೆ. ಎರಡನೆಯ ಸಾಮಾನಿನ ಸರದಿಯಲ್ಲಿ 8ನೆಯ ಮನೆಯನ್ನು ಮೊದಲು ನೋಡುತ್ತೇವೆ: ಅಲ್ಲಿರುವ 4ನ್ನೂ, 4ನೆಯ ಮನೆಯ 4ಕ್ಕೆ 5 ಕೂಡಿದ 9ನ್ನೂ ಹೋಲಿಸಿ 9ನ್ನು ಬರೆಯುತ್ತೇವೆ. ಮೂರನೆಯ ಸಾಮಾನಿನಿಂದ ಈ ಮನೆ ಬದಲಾಗುವುದಿಲ್ಲ. ಉತ್ತರ 9.

ಈಗ ಒಳಗಿನ ಎಣಿಕೆಯನ್ನು ಮಾತ್ರ ತಿರುಗಿಸಿ, ಸಣ್ಣ ತೂಕದಿಂದ ದೊಡ್ಡ ತೂಕದ ಕಡೆಗೆ ಹೋಗೋಣ. ಮೊದಲ ಸಾಮಾನಿನ ಸರದಿಯಲ್ಲಿ 3ನೆಯ ಮನೆ 4 ಆಗುತ್ತದೆ. 6ನೆಯ ಮನೆಗೆ ಬಂದಾಗ ಸೂತ್ರವು 3ನೆಯ ಮನೆಯನ್ನು ಕೇಳುತ್ತದೆ. ಅಲ್ಲಿ ಆಗಲೇ 4 ಕುಳಿತಿದೆ. ಅದಕ್ಕೆ ಮತ್ತೆ 4 ಸೇರಿ 8 ಆಗುತ್ತದೆ. ಒಂದೇ ಇದ್ದ ಸಾಮಾನು ಎರಡು ಸಲ ಚೀಲವನ್ನು ಹೊಕ್ಕಂತಾಯಿತು. ಎರಡನೆಯ ಸಾಮಾನಿನ ಸರದಿಯಲ್ಲಿಯೂ ಹೀಗೆಯೇ: 4ನೆಯ ಮನೆ 5 ಆಗಿ, 8ನೆಯ ಮನೆ 10 ಆಗುತ್ತದೆ. ಕೊನೆಯ ಉತ್ತರ 10.

ಈ 10 ತಪ್ಪೇ? ಕೇಳಿದ ಪ್ರಶ್ನೆಗೆ ತಪ್ಪು. ಆದರೆ ‘ಪ್ರತಿಯೊಂದು ಬಗೆಯ ಸಾಮಾನೂ ಬೇಕಾದಷ್ಟು ದೊರೆಯುತ್ತದೆ’ ಎಂದು ಪ್ರಶ್ನೆಯನ್ನು ಬದಲಿಸಿದರೆ, ಎರಡನೆಯ ಸಾಮಾನನ್ನು ಎರಡು ತೆಗೆದುಕೊಂಡು 8 ಕಿಲೋಗೆ 10 ರೂಪಾಯಿ ಪಡೆಯುವುದೇ ಅತ್ಯುತ್ತಮ. ಅಂದರೆ ಮುಂದಿನಿಂದ ತುಂಬಿದ ಕೋಷ್ಟಕವು ಇನ್ನೊಂದು ಪ್ರಸಿದ್ಧವಾದ ಪ್ರಶ್ನೆಗೆ ಕೊಟ್ಟ ನಿಷ್ಕೃಷ್ಟವಾದ ಉತ್ತರ. ಎರಡು ಪ್ರಶ್ನೆಗಳಿಗೂ ಪ್ರೋಗ್ರಾಮಿನಲ್ಲಿ ಕಾಣುವ ಸೂತ್ರ ಅಕ್ಷರಶಃ ಒಂದೇ. ಭೇದವಿರುವುದು ಕ್ರಮದಲ್ಲಿ ಮಾತ್ರ. ಹೀಗಿರುವಾಗ ಕ್ರಮವನ್ನು ವಿವರವೆಂದು ಕರೆಯುವುದು ಹೇಗೆ?

ಇದರ ಕಾರಣವನ್ನು ವಿದ್ಯಾರ್ಥಿಗೆ ಹೀಗೆ ಹೇಳಬೇಕೆಂದು ನಮ್ಮ ಅಭಿಪ್ರಾಯ. ಕೋಷ್ಟಕದ ಪ್ರತಿಯೊಂದು ಮನೆಯೂ ಒಂದು ವಾಕ್ಯವನ್ನು ಹೇಳುತ್ತದೆ. ಒಂದೇ ಸಾಲನ್ನು ತಿದ್ದುತ್ತ ಹೋಗುವಾಗ ಆ ವಾಕ್ಯದ ಅರ್ಥವು ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಎರಡನೆಯ ಸಾಮಾನು ಮುಟ್ಟುವುದಕ್ಕೆ ಮೊದಲು 4ನೆಯ ಮನೆಯು ‘ಮೊದಲ ಸಾಮಾನಿನಿಂದ ಮಾತ್ರ 4 ಕಿಲೋ ಒಳಗೆ ದೊರೆಯುವ ಬೆಲೆ’ ಎನ್ನುತ್ತದೆ. ಮುಟ್ಟಿದ ಮೇಲೆ ‘ಮೊದಲ ಎರಡರಿಂದ’ ಎನ್ನುತ್ತದೆ. ಎರಡನೆಯ ಸಾಮಾನನ್ನು ಈಗ ಹಾಕುತ್ತೇವೆಂದಾದರೆ ಉಳಿದ ಜಾಗವನ್ನು ಅದಿಲ್ಲದೆ ತುಂಬಬೇಕು. ಆದ್ದರಿಂದ ನಮಗೆ ಬೇಕಾದುದು ಹಳೆಯ ವಾಕ್ಯ. ದೊಡ್ಡ ತೂಕದಿಂದ ಇಳಿಯುತ್ತ ಬಂದರೆ ಸಣ್ಣ ತೂಕದ ಮನೆಗಳು ಇನ್ನೂ ಹಳೆಯ ವಾಕ್ಯವನ್ನೇ ಹೇಳುತ್ತಿರುತ್ತವೆ. ಏರುತ್ತ ಹೋದರೆ ಅವು ಹೊಸ ವಾಕ್ಯಕ್ಕೆ ತಿರುಗಿಬಿಟ್ಟಿರುತ್ತವೆ. ಪೂರ್ಣ ಕೋಷ್ಟಕದಲ್ಲಿ ಹಳೆಯದೂ ಹೊಸದೂ ಬೇರೆ ಬೇರೆ ಸಾಲುಗಳಲ್ಲಿರುವುದರಿಂದ ಈ ಗೊಂದಲಕ್ಕೆ ಎಡೆಯೇ ಇಲ್ಲ. ಅಲ್ಲಿ ಒಂದು ಸಾಲಿನ ಮನೆಗಳನ್ನು ಎಡದಿಂದಲಾದರೂ ಬಲದಿಂದಲಾದರೂ ತುಂಬಬಹುದು. ಜಾಗವನ್ನು ಉಳಿಸಲು ಸಾಲುಗಳನ್ನು ಒಂದರ ಮೇಲೊಂದು ಹೇರಿದ ಕ್ಷಣದಿಂದಲೇ ಕ್ರಮಕ್ಕೆ ಅರ್ಥ ಬರುತ್ತದೆ. ‘ಹಿಂದಿನಿಂದ ತುಂಬಿ’ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಮಾತನ್ನು ಹೇಳುವುದು ಲೇಸು.

3

ಇನ್ನು ಆರಂಭಮೌಲ್ಯದ ಮಾತು. ಮೇಲಿನ ಲೆಕ್ಕದಲ್ಲಿ ಎಲ್ಲ ಮನೆಗಳಲ್ಲಿಯೂ ಸೊನ್ನೆಯನ್ನಿಟ್ಟೆವು. ಏಕೆ? ‘ರೂಢಿ’ ಎಂಬುದು ಉತ್ತರವಲ್ಲ. ಆರಂಭದ ಸಾಲು ಎಂದರೆ ಒಂದು ಸಾಮಾನೂ ಇಲ್ಲದಿರುವಾಗಿನ ಉತ್ತರ. ಮನೆಯ ವಾಕ್ಯವು ‘ತೂಕ w ಅಥವಾ ಅದಕ್ಕಿಂತ ಕಡಮೆ’ ಎಂದಿದ್ದರೆ, ಸಾಮಾನಿಲ್ಲದ ಬರಿಯ ಚೀಲವು ಎಲ್ಲ w ಗಳಿಗೂ ಒಪ್ಪುತ್ತದೆ. ಅದರ ಬೆಲೆ ಸೊನ್ನೆ. ಆದ್ದರಿಂದ ಎಲ್ಲೆಡೆ ಸೊನ್ನೆ ಸತ್ಯವಾದ ಮಾತು. ಆದರೆ ಪ್ರಶ್ನೆಯು ‘ಚೀಲವು ಸರಿಯಾಗಿ 8 ಕಿಲೋ ತುಂಬಿರಬೇಕು’ ಎಂದಿದ್ದರೆ ಸಾಮಾನಿಲ್ಲದೆ ತುಂಬಬಹುದಾದ ತೂಕ ಸೊನ್ನೆಯೊಂದೇ. 0ನೆಯ ಮನೆಯಲ್ಲಿ 0, ಉಳಿದ ಮನೆಗಳಲ್ಲಿ ‘ಅಸಾಧ್ಯ’ ಎಂಬುದನ್ನು ಸೂಚಿಸುವ ಋಣ ಅನಂತ, ಹೀಗೆ ಇಡಬೇಕು. ಸೂತ್ರವನ್ನಾಗಲಿ ಕ್ರಮವನ್ನಾಗಲಿ ಮುಟ್ಟದೆ ಇಷ್ಟನ್ನೇ ಬದಲಿಸಿದರೆ ಉತ್ತರ 8 ಆಗುತ್ತದೆ: ಮೊದಲನೆಯ ಮತ್ತು ಮೂರನೆಯ ಸಾಮಾನು ಸೇರಿ 8 ಕಿಲೋ, 8 ರೂಪಾಯಿ. ಮೂರು ಲೆಕ್ಕಗಳ ಕೊನೆಯ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಬಹುದು.

| ತೂಕ | 0 | 1 | 2 | 3 | 4 | 5 | 6 | 7 | 8 |
|---|---|---|---|---|---|---|---|---|---|
| ಸೊನ್ನೆಯಿಂದ ಆರಂಭ, ಇಳಿಕೆ | 0 | 0 | 0 | 4 | 5 | 5 | 5 | 9 | 9 |
| ಸೊನ್ನೆಯಿಂದ ಆರಂಭ, ಏರಿಕೆ | 0 | 0 | 0 | 4 | 5 | 5 | 8 | 9 | 10 |
| ಋಣ ಅನಂತದಿಂದ ಆರಂಭ, ಇಳಿಕೆ | 0 | ಇಲ್ಲ | ಇಲ್ಲ | 4 | 5 | 4 | ಇಲ್ಲ | 9 | 8 |

ಒಂದೇ ಸೂತ್ರ, 9, 10, 8 ಎಂಬ ಮೂರು ಉತ್ತರಗಳು, ಮೂರೂ ತಮ್ಮ ತಮ್ಮ ಪ್ರಶ್ನೆಗಳಿಗೆ ಸರಿ. ಸಮೀಕರಣವನ್ನು ಬರೆದಾಗಲೇ ಪ್ರಶ್ನೆಯನ್ನು ಬಿಡಿಸಿದಂತಾಯಿತೆಂಬ ಭಾವನೆ ಎಷ್ಟು ದುರ್ಬಲವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟರ ಮೇಲೂ ಒಂದು ಅಪಾಯವಿದೆ. ಋಣ ಅನಂತದ ಬದಲು -1 ಎಂಬ ಗುರುತನ್ನಿಡುವ ಅಭ್ಯಾಸ ಬಹಳ ಕಡೆ ಕಾಣುತ್ತದೆ. ಬೆಲೆ ಎಂದೂ ಋಣವಾಗದು, ಆದ್ದರಿಂದ -1 ಎಂದರೆ ‘ಇಲ್ಲ’ ಎಂದು ಎಲ್ಲರಿಗೂ ಗೊತ್ತಾಗುತ್ತದೆ ಎಂಬುದು ಇದರ ಸಮರ್ಥನೆ. ಮನುಷ್ಯರಿಗೇನೋ ಗೊತ್ತಾಗುತ್ತದೆ, `max` ಎಂಬ ಕ್ರಿಯೆಗೆ ಗೊತ್ತಾಗುವುದಿಲ್ಲ. ಕೂಡುವುದಕ್ಕೆ ಮುಂಚೆ ಗುರುತನ್ನು ಪರೀಕ್ಷಿಸದೆ ಹೋದರೆ, ಮೊದಲ ಸಾಮಾನಿನ ಸರದಿಯಲ್ಲಿಯೇ 4ರಿಂದ 8ರವರೆಗಿನ ಮನೆಗಳು -1ಕ್ಕೆ 4 ಕೂಡಿ 3 ಎಂದು ಬರೆದುಕೊಳ್ಳುತ್ತವೆ; 3 ಕಿಲೋ ಸಾಮಾನಿನಿಂದ 4 ಕಿಲೋ ಸರಿಯಾಗಿ ತುಂಬಿತೆಂದು ಸುಳ್ಳು ಹೇಳುತ್ತವೆ. ಎರಡನೆಯ ಸಾಮಾನು ಮುಗಿದಾಗ 8ನೆಯ ಮನೆಯಲ್ಲಿ 8 ನಿಂತಿರುತ್ತದೆ. ಮೊದಲ ಎರಡು ಸಾಮಾನುಗಳಿಂದ 8 ಕಿಲೋ ಆಗುವುದೇ ಇಲ್ಲ. ಆ 8 ಹುಟ್ಟಿದ್ದು 4ನೆಯ ಮನೆಯ ಸುಳ್ಳು 3ಕ್ಕೆ 5 ಸೇರಿ. ಮೂರನೆಯ ಸಾಮಾನಿನ ಸರದಿಯಲ್ಲಿ ನಿಜವಾದ 8 ಬರುತ್ತದೆ. ಎರಡೂ ಸಮವಾಗಿರುವುದರಿಂದ ಸುಳ್ಳಿನ ಗುರುತು ಉಳಿಯುವುದಿಲ್ಲ. ಕೊನೆಯ ಸಾಲು ಹೀಗಿರುತ್ತದೆ: 0, -1, -1, 4, 5, 4, 4, 9, 8. ಮೇಲಿನ ಕೋಷ್ಟಕದ ಮೂರನೆಯ ಸಾಲಿನೊಡನೆ ಹೋಲಿಸಿದರೆ ಒಂದೇ ಒಂದು ಮನೆ ತಪ್ಪಿದೆ: 6ನೆಯದು. 3, 4, 5 ಎಂಬ ತೂಕಗಳಿಂದ 6 ಕಿಲೋ ಆಗುವುದಿಲ್ಲ. ಕೋಷ್ಟಕವು ಆಗುತ್ತದೆ, ಬೆಲೆ 4 ಎನ್ನುತ್ತದೆ. ಪರೀಕ್ಷಕನು 8ನೆಯ ಮನೆಯನ್ನು ಮಾತ್ರ ನೋಡಿದರೆ ಪೂರ್ಣಾಂಕ ಕೊಡುತ್ತಾನೆ.

ಇದು ಹಿಂದಿನ ಎರಡು ಬದಲಾವಣೆಗಳ ಜಾತಿಗೆ ಸೇರಿದುದಲ್ಲವೆಂಬುದನ್ನು ಗಮನಿಸಬೇಕು. ಸೊನ್ನೆಯೂ ಋಣ ಅನಂತವೂ ಎರಡು ಬೇರೆ ಪ್ರಶ್ನೆಗಳ ಸತ್ಯವಾದ ಆರಂಭಗಳು. -1 ಯಾವ ಪ್ರಶ್ನೆಯ ಆರಂಭವೂ ಅಲ್ಲ. ಅದು ಬರಿಯ ಚಿಹ್ನೆ. ಚಿಹ್ನೆಯನ್ನು ಸಂಖ್ಯೆಯೆಂದು ಕೂಡಿದಾಗ ಹುಟ್ಟುವುದು ಅರ್ಥವಿಲ್ಲದ ಮೊತ್ತ. ಕನಿಷ್ಠವನ್ನು ಹುಡುಕುವ ಲೆಕ್ಕಗಳಲ್ಲಿ ಇದರ ಪ್ರತಿಬಿಂಬವನ್ನು ಕಾಣುತ್ತೇವೆ. ಅಲ್ಲಿ ಅನಂತಕ್ಕೆ ಬದಲಾಗಿ ಗಣಕವು ಹಿಡಿಯಬಲ್ಲ ಅತಿ ದೊಡ್ಡ ಪೂರ್ಣಾಂಕವಾದ 2147483647 ಅನ್ನು ಇಡುತ್ತಾರೆ. ಜಾವಾ ಭಾಷೆಯ 32 ಬಿಟ್ ಪೂರ್ಣಾಂಕದಲ್ಲಿ ಅದಕ್ಕೆ 1 ಕೂಡಿದರೆ -2147483648 ಬರುತ್ತದೆ. ಕನಿಷ್ಠವನ್ನು ಅರಸುವ ಸೂತ್ರವು ಅದನ್ನೇ ಅತ್ಯುತ್ತಮವೆಂದು ಆರಿಸಿಕೊಳ್ಳುತ್ತದೆ. ‘ಅಸಾಧ್ಯ’ವೆಂಬುದು ಒಂದೇ ಹೆಜ್ಜೆಯಲ್ಲಿ ‘ಅತಿ ಸುಲಭ’ವಾಗಿಬಿಡುತ್ತದೆ.

4

ಚೀಲದ ಪ್ರಶ್ನೆಯಲ್ಲಿ ಕ್ರಮ ತಪ್ಪಿದಾಗ ಇನ್ನೊಂದು ಪ್ರಶ್ನೆಯಾದರೂ ದೊರೆಯಿತು. ಎಲ್ಲ ಕಡೆಯಲ್ಲಿಯೂ ಹಾಗಾಗುವುದಿಲ್ಲ. ಇದನ್ನು ತೋರಿಸಲು ರಾಬರ್ಟ್ ಫ್ಲಾಯ್ಡರ ಲೆಕ್ಕವನ್ನು ನೋಡೋಣ. ಒಂದು ಜಾಲದ ಎಲ್ಲ ಊರುಗಳ ನಡುವಣ ಅತಿ ಹತ್ತಿರದ ದಾರಿಗಳನ್ನು ಕಂಡುಹಿಡಿಯುವ ಈ ವಿಧಾನ 1962ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಂದ ಸ್ಟೀಫನ್ ವಾರ್ಷಲರ ಪ್ರಮೇಯ ಅದಕ್ಕೆ ಆಧಾರ. ಇಂದಿನ ಪಠ್ಯಗಳು ಅದನ್ನು ಹೀಗೆ ಬರೆಯುತ್ತವೆ:

```
for k = 1 to n:
    for i = 1 to n:
        for j = 1 to n:
            d[i][j] = min(d[i][j], d[i][k] + d[k][j])
```

ಇಲ್ಲಿ k ಎಂಬುದು ನಡುವಣ ಊರು. ಹೊರಗಿನ ಎಣಿಕೆಯ ಒಂದು ಸುತ್ತು ಮುಗಿದಾಗ, `d[i][j]` ಎಂಬ ಮನೆಯು ‘ನಡುವೆ 1ರಿಂದ k ವರೆಗಿನ ಊರುಗಳನ್ನು ಮಾತ್ರ ಹಾದುಹೋಗಬಹುದಾದರೆ i ಇಂದ j ಗೆ ಇರುವ ಅತಿ ಕಡಮೆ ದೂರ’ ಎಂಬ ವಾಕ್ಯವನ್ನು ಹೇಳುತ್ತದೆ. ವಾಕ್ಯದಲ್ಲಿ k ಇರುವುದರಿಂದ k ಹೊರಗೇ ಇರಬೇಕು. ಎಲ್ಲ ಜೋಡಿಗಳೂ ಒಂದು ಹಂತವನ್ನು ಒಟ್ಟಿಗೆ ದಾಟಿದ ಹೊರತು ಮುಂದಿನ ಹಂತದ ಮಾತನ್ನು ಯಾವ ಜೋಡಿಯೂ ಆಡುವಂತಿಲ್ಲ.

ಆದರೆ ಈ ವಾಕ್ಯವನ್ನು ಹೇಳದೆ ಸೂತ್ರವನ್ನಷ್ಟೆ ಕರಿಹಲಗೆಯ ಮೇಲೆ ಬರೆದರೆ ವಿದ್ಯಾರ್ಥಿಯ ಕೈ ಸಹಜವಾಗಿ i, j, k ಎಂಬ ಅಕ್ಷರಕ್ರಮದಲ್ಲಿ ಎಣಿಕೆಗಳನ್ನು ಹೂಡುತ್ತದೆ. ‘ಪ್ರತಿಯೊಂದು ಜೋಡಿಗೂ, ನಡುವಣ ಎಲ್ಲ ಊರುಗಳನ್ನು ಪ್ರಯತ್ನಿಸು’ ಎಂಬುದು ಕೇಳಲು ಯುಕ್ತವಾಗಿಯೇ ಇದೆ. ಇಲ್ಲೊಂದು ಸ್ವಾರಸ್ಯವಿದೆ. ಫ್ಲಾಯ್ಡರ 1962ರ ಮೂಲ ಪ್ರೋಗ್ರಾಮಿನಲ್ಲಿ ನಡುವಣ ಊರಿನ ಹೆಸರು i. ಅದೇ ಹೊರಗಿನ ಎಣಿಕೆ. ಒಳಗೆ j, k. ಅವರ ಬರವಣಿಗೆಯಲ್ಲಿ ಅಕ್ಷರಕ್ರಮವೂ ಸರಿಯಾದ ಕ್ರಮವೂ ಒಂದೇ ಆಗಿದ್ದುವು. ನಡುವಣ ಊರನ್ನು k ಎಂದು ಕರೆಯುವ ಇಂದಿನ ರೂಢಿಯಿಂದ ಎರಡೂ ಅಗಲಿದುವು. ಹೆಸರಿನ ಬದಲಾವಣೆ ಗಣಿತಕ್ಕೆ ಏನೂ ಅಲ್ಲ. ಕಲಿಯುವವನಿಗೆ ಅದು ಒಂದು ಗುಂಡಿಯಾಯಿತು. ಮೂಲದಲ್ಲಿ ಇನ್ನೊಂದು ಎಚ್ಚರವೂ ಇದೆ. ದಾರಿಯಿಲ್ಲವೆಂಬುದನ್ನು ಹತ್ತರ ಹತ್ತನೆಯ ಘಾತದಿಂದ ಸೂಚಿಸಿ, ಕೂಡುವುದಕ್ಕೆ ಮುಂಚೆ ಎರಡು ದೂರಗಳೂ ಅದಕ್ಕಿಂತ ಕಡಮೆಯೇ ಎಂದು ಫ್ಲಾಯ್ಡರು ಪರೀಕ್ಷಿಸುತ್ತಾರೆ. -1ರ ವಿಷಯದಲ್ಲಿ ನಾವು ಮೇಲೆ ಕಂಡ ಅನಾಹುತಕ್ಕೆ ಅಲ್ಲಿ ಅವಕಾಶವಿಲ್ಲ.

ತಪ್ಪು ಕ್ರಮದ ಫಲವನ್ನು ನಾಲ್ಕು ಊರುಗಳಲ್ಲಿ ನೋಡಬಹುದು. 1ರಿಂದ 4ಕ್ಕೆ, 4ರಿಂದ 3ಕ್ಕೆ, 3ರಿಂದ 2ಕ್ಕೆ ಒಂದೊಂದು ಮೈಲಿಯ ಏಕಮುಖ ದಾರಿಗಳಿವೆ, ಬೇರೆ ದಾರಿಗಳಿಲ್ಲ. 1ರಿಂದ 2ಕ್ಕೆ 3 ಮೈಲಿ ಎಂಬುದು ಸ್ಪಷ್ಟ. i, j, k ಕ್ರಮದಲ್ಲಿ ಮೊದಲು 1ರಿಂದ 2ರ ಜೋಡಿ ಎದುರಾಗುತ್ತದೆ. ನಡುವೆ 3ನ್ನು ಇಟ್ಟರೆ, 1ರಿಂದ 3ಕ್ಕೆ ದಾರಿಯಿದೆಯೆಂದು ಇನ್ನೂ ಗೊತ್ತಾಗಿಲ್ಲ. 4ನ್ನು ಇಟ್ಟರೆ, 4ರಿಂದ 2ಕ್ಕೆ ದಾರಿಯಿದೆಯೆಂದು ಇನ್ನೂ ಗೊತ್ತಾಗಿಲ್ಲ. ಆ ಜೋಡಿಯ ಸರದಿ ಮುಗಿದುಹೋಗುತ್ತದೆ. ಮುಂದೆ 1ರಿಂದ 3ಕ್ಕೆ 2 ಎಂದೂ, ಇನ್ನೂ ಮುಂದೆ 4ರಿಂದ 2ಕ್ಕೆ 2 ಎಂದೂ ತಿಳಿಯುತ್ತದೆ. ಆದರೆ 1ರಿಂದ 2ರ ಜೋಡಿಯನ್ನು ಮತ್ತೆ ಯಾರೂ ಕೇಳುವುದಿಲ್ಲ. ಕೋಷ್ಟಕವು ಕೊನೆಯಲ್ಲಿ ‘1ರಿಂದ 2ಕ್ಕೆ ದಾರಿಯೇ ಇಲ್ಲ’ ಎನ್ನುತ್ತದೆ. ಸರಿಯಾದ ಕ್ರಮದಲ್ಲಿ k 3 ಆದಾಗ 4ರಿಂದ 2ಕ್ಕೆ 2 ಸಿದ್ಧವಾಗುತ್ತದೆ. K 4 ಆದಾಗ ಅದನ್ನು ಬಳಸಿಕೊಂಡು 1ರಿಂದ 2ಕ್ಕೆ 3 ಬರುತ್ತದೆ.

ಅದೇ ಮೂರು ದಾರಿಗಳನ್ನು 1, 2, 3, 4 ಎಂದು ಸಾಲಾಗಿ ಹೆಸರಿಸಿ, ಅದೇ ತಪ್ಪು ಪ್ರೋಗ್ರಾಮಿಗೆ ಕೊಟ್ಟರೆ ಏನಾಗುತ್ತದೆ? 1ರಿಂದ 3ಕ್ಕೆ 2 ಎಂಬುದು ಮೊದಲು ದೊರೆತು, ಬಳಿಕ 1ರಿಂದ 4ರ ಸರದಿಯಲ್ಲಿ ಅದು ಉಪಯೋಗಕ್ಕೆ ಬಂದು 3 ಎಂಬ ಸರಿಯುತ್ತರವೇ ಬರುತ್ತದೆ. ಪಾಠದಲ್ಲಿ ಕೊಡುವ ಉದಾಹರಣೆಗಳಲ್ಲಿ ಊರುಗಳನ್ನು ದಾರಿಯ ಉದ್ದಕ್ಕೂ ಸಾಲಾಗಿ ಹೆಸರಿಸುವುದು ನಮ್ಮೆಲ್ಲರ ಅಭ್ಯಾಸ. ತಪ್ಪನ್ನು ಅಡಗಿಸಲು ಇದಕ್ಕಿಂತ ಅನುಕೂಲವಾದ ಏರ್ಪಾಡಿಲ್ಲ.

ಎರಡು ಬಗೆಯ ತಪ್ಪುಗಳ ನಡುವಣ ಭೇದ ಈಗ ಸ್ಪಷ್ಟವಾಗುತ್ತದೆ. ದೂರವೆಂಬುದು ಊರಿನ ಹೆಸರನ್ನು ಆಶ್ರಯಿಸಿದುದಲ್ಲ. ಇಲ್ಲಿಯ ಉತ್ತರವೋ ಹೆಸರಿನೊಡನೆ ಬದಲಾಗುತ್ತದೆ. ಹೆಸರಿಟ್ಟಂತೆ ಬದಲಾಗುವ ಉತ್ತರವು ಜಾಲವನ್ನು ಕುರಿತ ಯಾವ ಪ್ರಶ್ನೆಗೂ ಉತ್ತರವಾಗಲಾರದು. ಚೀಲದ ಏರಿಕೆಯ ಲೆಕ್ಕವಾದರೋ ಸಾಮಾನುಗಳನ್ನು ಯಾವ ಅನುಕ್ರಮದಲ್ಲಿ ಕೊಟ್ಟರೂ 10 ಎಂದೇ ಹೇಳುತ್ತದೆ, ಏಕೆಂದರೆ ಅದು ಒಂದು ನಿಜವಾದ ಪ್ರಶ್ನೆಯ ಉತ್ತರ.

ಫ್ಲಾಯ್ಡರ ತಪ್ಪು ಕ್ರಮಕ್ಕೆ ಒಂದು ವಿಚಿತ್ರವಾದ ಪರಿಹಾರವೂ ಇದೆ. ಇಡೀ ಲೆಕ್ಕವನ್ನು ಮತ್ತೊಮ್ಮೆ ನಡೆಸಿದರೆ ಮೇಲಿನ ಉದಾಹರಣೆ ಸರಿಹೋಗುತ್ತದೆ. ಎರಡನೆಯ ಸಲ 1ರಿಂದ 3ರ 2 ಸಿದ್ಧವಾಗಿರುವುದರಿಂದ 3 ಬರುತ್ತದೆ. ಹಿದೆ, ಕುಮಾಬೆ, ಮಾಎಹಾರ ಎಂಬ ಮೂವರು 2019ರಲ್ಲಿ ಇದನ್ನು ಕುರಿತು ಒಂದು ಲೇಖನವನ್ನೇ ಬರೆದು, i, j, k ಕ್ರಮವನ್ನು ಮೂರು ಸಲ ನಡೆಸಿದರೆ, i, k, j ಕ್ರಮವನ್ನು ಎರಡು ಸಲ ನಡೆಸಿದರೆ, ಉತ್ತರ ಯಾವಾಗಲೂ ಸರಿಯಾಗುತ್ತದೆಂದು ಸಾಧಿಸಿದರು. ಫಲಿತಾಂಶ ಸೊಗಸಾದುದು. ಆದರೆ ಅದನ್ನು ತಪ್ಪಿಗೆ ಕ್ಷಮಾಪತ್ರವೆಂದು ತಿಳಿಯಬಾರದು. ಮೂರು ಸಲ ನಡೆಸಬೇಕೆಂದು ಅರಿಯಲು ಕ್ರಮ ತಪ್ಪಿದೆಯೆಂದು ಮೊದಲು ಅರಿತಿರಬೇಕು. ಅದನ್ನು ಅರಿತವನಿಗೆ ಒಂದು ಸಾಲನ್ನು ಮೇಲಕ್ಕೆ ಸರಿಸುವುದೇ ಸುಲಭ.

5

ಇಷ್ಟನ್ನು ಓದಿದವರು ಎರಡು ಆಕ್ಷೇಪಗಳನ್ನು ಎತ್ತಬಹುದು. ಕೋಷ್ಟಕವನ್ನು ಕೈಬಿಟ್ಟು, ಫಲನವು ತನ್ನನ್ನೇ ಕರೆಯುವಂತೆ ಬರೆದು, ಒಮ್ಮೆ ಕಂಡ ಉತ್ತರವನ್ನು ನೆನಪಿಟ್ಟುಕೊಂಡರೆ ಕ್ರಮದ ತೊಡಕೇ ಇರುವುದಿಲ್ಲವಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ: ಬೇಕಾದ ಉತ್ತರವನ್ನು ಬೇಕಾದಾಗ ಕೇಳಿ ಪಡೆಯುವುದರಿಂದ ಕ್ರಮ ತಾನಾಗಿಯೇ ಏರ್ಪಡುತ್ತದೆ. ಆದರೆ ಆರಂಭಮೌಲ್ಯದ ತೊಡಕು ಹಾಗೆಯೇ ಉಳಿಯುತ್ತದೆ. ‘ಸಾಮಾನು ಮುಗಿದಾಗ ಏನನ್ನು ಹೇಳಬೇಕು’ ಎಂಬ ಪ್ರಶ್ನೆಗೆ ಸೊನ್ನೆಯೋ ಋಣ ಅನಂತವೋ ಎಂದು ಆಗಲೂ ನಿರ್ಣಯಿಸಲೇಬೇಕು. ಮೇಲಾಗಿ ನೆನಪಿನ ಖಾಲಿ ಮನೆಯನ್ನು -1ರಿಂದ ಗುರುತಿಸಿ, ‘ಅಸಾಧ್ಯ’ವನ್ನೂ -1ರಿಂದಲೇ ಗುರುತಿಸಿದರೆ, ಅಸಾಧ್ಯವೆಂದು ಒಮ್ಮೆ ಕಂಡ ಮನೆಯನ್ನು ಮತ್ತೆ ಮತ್ತೆ ಲೆಕ್ಕ ಹಾಕುವ ಹೊಸ ದೋಷ ಸೇರುತ್ತದೆ, ಉತ್ತರ ಸರಿಯಾಗಿದ್ದರೂ ಕಾಲ ಮಿತಿಮೀರುತ್ತದೆ.

ಯಾವಾಗಲೂ ಪೂರ್ಣ ಕೋಷ್ಟಕವನ್ನೇ ಬರೆದರಾಯಿತು ಎಂಬುದು ಎರಡನೆಯ ಆಕ್ಷೇಪ. ಮೊದಲ ಪಾಠಕ್ಕೆ ಇದು ಒಳ್ಳೆಯ ಸಲಹೆಯೆಂದೇ ನಮಗೂ ತೋರುತ್ತದೆ. ಆದರೆ 100 ಸಾಮಾನುಗಳು, 10 ಲಕ್ಷದವರೆಗಿನ ತೂಕ ಎಂದಾದರೆ ಪೂರ್ಣ ಕೋಷ್ಟಕಕ್ಕೆ 10 ಕೋಟಿ ಮನೆಗಳು ಬೇಕು. ಒಂದೇ ಸಾಲಿಗೆ 10 ಲಕ್ಷ ಸಾಕು. ಸಾಲನ್ನು ಹೇರುವ ಕಾಲ ಬಂದೇ ಬರುತ್ತದೆ. ಬಂದಾಗ ಏನು ಬದಲಾಯಿತೆಂಬುದನ್ನು ವಿದ್ಯಾರ್ಥಿ ಬಲ್ಲವನಾಗಿರಬೇಕು.

ಕೊನೆಯದಾಗಿ, ದೋಷವನ್ನು ಕಂಡುಹಿಡಿಯುವ ಬಗೆ. ಮಾದರಿ ಉದಾಹರಣೆ ಹೊಂದಿತೆಂಬುದು ಸಾಲದೆಂದು ಮೇಲಿನ ಎರಡೂ ಪ್ರಸಂಗಗಳು ಸಾರುತ್ತವೆ. ನಮ್ಮ ಚೀಲವು 5 ಕಿಲೋ ಮಾತ್ರ ತಾಳುವುದಾಗಿದ್ದರೆ ಇಳಿಕೆ, ಏರಿಕೆ ಎರಡೂ 5 ಎಂಬ ಉತ್ತರವನ್ನೇ ಕೊಡುತ್ತಿದ್ದುವು. ಅತಿ ಹಗುರವಾದ ಸಾಮಾನೂ ಎರಡು ಸಲ ಹಿಡಿಸದ ಚೀಲದಲ್ಲಿ ಈ ದೋಷ ಕಾಣುವಂತೆಯೇ ಇಲ್ಲ. ಕಾಣಬೇಕಾದರೆ 1 ಕಿಲೋ, 1 ರೂಪಾಯಿಯ ಒಂದೇ ಸಾಮಾನನ್ನು 3 ಕಿಲೋ ಚೀಲಕ್ಕೆ ಕೊಡಬೇಕು: 1 ಬಂದರೆ ಸರಿ, 3 ಬಂದರೆ ಏರಿಕೆಯ ಕ್ರಮವೆಂದು ಕೂಡಲೇ ತಿಳಿಯುತ್ತದೆ. ಆರಂಭಮೌಲ್ಯವನ್ನು ಪರೀಕ್ಷಿಸಲು ಸಾಮಾನುಗಳಿಲ್ಲದ ಚೀಲವನ್ನೂ, ಯಾವ ಬಗೆಯಿಂದಲೂ ಸರಿತುಂಬದ ತೂಕವನ್ನೂ ಕೊಡಬೇಕು. ನಮ್ಮ ಉದಾಹರಣೆಯಲ್ಲಿ 6 ಅಂಥದು. ದಾರಿಯ ಲೆಕ್ಕಕ್ಕೆ ಊರುಗಳ ಹೆಸರುಗಳನ್ನು ಅದಲುಬದಲು ಮಾಡಿ ನೋಡಬೇಕು; ನಾಲ್ಕು ಊರುಗಳಿಗೆ 24 ಬಗೆ ಮಾತ್ರ. ಇವೆಲ್ಲಕ್ಕಿಂತ ಬಲವಾದ ಪರೀಕ್ಷೆಯೆಂದರೆ ಸಣ್ಣ ಲೆಕ್ಕಗಳಲ್ಲಿ ಎಲ್ಲ ಆಯ್ಕೆಗಳನ್ನೂ ನೇರವಾಗಿ ಎಣಿಸಿ, ಕೊನೆಯ ಮನೆಯನ್ನು ಮಾತ್ರವಲ್ಲದೆ ಇಡೀ ಕೋಷ್ಟಕವನ್ನು ಅದರೊಡನೆ ಹೋಲಿಸುವುದು. ಮೂರು ಸಾಮಾನಿಗೆ 8 ಆಯ್ಕೆಗಳು. 15 ಸಾಮಾನಿಗೂ 32768 ಮಾತ್ರ, ಗಣಕಕ್ಕೆ ಅದು ಕ್ಷಣದ ಕೆಲಸ. ಹೆಸರು ಬದಲಿಸುವ ಪರೀಕ್ಷೆ ಚೀಲದ ಏರಿಕೆಯ ದೋಷವನ್ನು ಹಿಡಿಯಲಾರದೆಂಬುದನ್ನು ಕಂಡೆವು. ನೇರ ಎಣಿಕೆಯು ಎರಡನ್ನೂ ಹಿಡಿಯಬಲ್ಲುದು.

ಆದರೂ ಪರೀಕ್ಷೆಯು ದೋಷವಿದೆಯೆಂದು ಹೇಳೀತೇ ಹೊರತು ಎಲ್ಲಿದೆಯೆಂದು ಹೇಳಲಾರದು. ಅದನ್ನು ಹೇಳಬಲ್ಲುದು ಮನೆಯ ವಾಕ್ಯವೊಂದೇ. ಆದಕಾರಣ ಉತ್ತರಪತ್ರಿಕೆಯಲ್ಲಿ ಸೂತ್ರಕ್ಕೆ ಮುಂಚೆ ಮೂರು ಮಾತುಗಳನ್ನು ಬರೆಯಬೇಕೆಂದು ಕೇಳುವುದು ಯುಕ್ತವೆಂದು ಸೂಚಿಸುತ್ತೇವೆ: ಪ್ರತಿಯೊಂದು ಮನೆಯೂ ಏನನ್ನು ಹೇಳುತ್ತದೆ, ಏನೂ ಇಲ್ಲದಿರುವಾಗ ಆ ಮಾತು ಯಾವ ಮನೆಗಳಲ್ಲಿ ಸತ್ಯ, ಒಂದು ಮನೆಯನ್ನು ಬರೆಯುವಾಗ ಅದು ಕೇಳುವ ಮನೆಗಳು ಆ ಹೊತ್ತಿನಲ್ಲಿ ಹಳೆಯ ಮಾತನ್ನು ಆಡುತ್ತಿವೆಯೋ ಹೊಸ ಮಾತನ್ನೋ. ಈ ಮೂರನ್ನು ಬರೆದವನ ಸೂತ್ರದಲ್ಲಿ ಕೈತಪ್ಪಿದ್ದರೂ ಅದನ್ನು ತಿದ್ದಿಕೊಳ್ಳಬಲ್ಲನು. ಬರೆಯದವನ ಕೊನೆಯ ಮನೆಯಲ್ಲಿ 8 ನಿಂತಿದ್ದರೂ ಅದರ ಪಕ್ಕಕ್ಕೆ ಎರಡು ಮನೆ ಸರಿದು 6ನೆಯದನ್ನು ನೋಡಿಯೇ ಅಂಕ ಕೊಡಬೇಕು.